ಈ ವಾಕ್ಯದ ಒಡೆಯರು ಯಾರು? ಪ್ರಾಯೋಜಿತ ಬರಹದ ಬ್ರೀಫನ್ನು ಓದುವ ಬಗೆ

ಪ್ರಾಯೋಜಿತ ಬರಹಗಳ ಬಗ್ಗೆ ಮಾತನಾಡಲು ಕರೆದಾಗ ಸಂಘಟಕರು ನನ್ನ ಮುಂದೆ ಒಂದು ಪ್ರಶ್ನೆ ಇಟ್ಟಿದ್ದರು: ಹಣ ಪಡೆದು ಬರೆದ ಮೇಲೆ ಓದುಗರು ನಂಬುವ ಹಾಗೆ ಬರೆಯುವುದು ಹೇಗೆ? ಈ ಪ್ರಶ್ನೆಯಲ್ಲಿ ಒಂದು ಸಣ್ಣ ತಪ್ಪಿದೆ ಎಂದು ನನಗೆ ಅನ್ನಿಸುತ್ತದೆ. ನಂಬಿಕೆ ಉಳಿಯುವುದು ಅಥವಾ ಅಳಿಯುವುದು ಬರೆಯುವ ಹೊತ್ತಿನಲ್ಲಿ ಅಲ್ಲ. ಬ್ರ್ಯಾಂಡಿನವರ ಬ್ರೀಫ್, ಅಂದರೆ ಏನು ಬರೆಯಬೇಕೆಂದು ಅವರು ಕಳುಹಿಸುವ ಸೂಚನಾಪತ್ರ, ಕೈಗೆ ಬಂದ ದಿನಕ್ಕೂ ನಾವು ಮೊದಲ ಸಾಲು ಬರೆಯುವ ದಿನಕ್ಕೂ ನಡುವೆ, ಅವರಿಗೆ ನಾವು ಬರೆಯುವ ಒಂದೆರಡು ಪತ್ರಗಳಲ್ಲಿ. ಬರಹಕ್ಕೆ ಕುಳಿತಾಗ ನಮ್ಮ ಕೈಯಲ್ಲಿ ಒಪ್ಪಿಕೊಂಡ ವಾಕ್ಯಗಳಿರುತ್ತವೆ, ತಲೆಯ ಮೇಲೆ ಕೊಡಬೇಕಾದ ದಿನಾಂಕ ಕುಳಿತಿರುತ್ತದೆ. ಆಗ ಎಷ್ಟು ಜಾಣತನದಿಂದ ಪದ ಆರಿಸಿದರೂ, ಒಪ್ಪಬಾರದಿದ್ದನ್ನು ಒಪ್ಪಿದ ತಪ್ಪು ಸರಿಹೋಗುವುದಿಲ್ಲ.

ಆದ್ದರಿಂದ ಇಂದು ನಾನು ಶೈಲಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಒಂದು ಬ್ರೀಫನ್ನು ಎತ್ತಿಕೊಂಡು, ಅದನ್ನು ವಾಕ್ಯ ವಾಕ್ಯವಾಗಿ ಹೇಗೆ ಓದಿದೆ, ಕಂಪನಿಗೆ ಏನು ಬರೆದೆ, ಕೊನೆಗೆ ಅಚ್ಚಾದದ್ದು ಏನು ಎಂಬುದನ್ನು ಹೇಳುತ್ತೇನೆ. ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ವಸ್ತು ಒಂದು ಪವರ್ ಬ್ಯಾಂಕ್, ಅಂದರೆ ಚೀಲದಲ್ಲಿಟ್ಟುಕೊಂಡು ಹೋಗಿ ಫೋನ್ ಚಾರ್ಜ್ ಮಾಡಿಕೊಳ್ಳುವ ಬ್ಯಾಟರಿ. ಇದನ್ನೇ ಆರಿಸಲು ಕಾರಣವಿದೆ. ಮುಖಕ್ಕೆ ಹಚ್ಚುವ ಕ್ರೀಮಿನ ಬಗ್ಗೆ ಹೇಳಿದ ಮಾತು ಸುಳ್ಳೋ ನಿಜವೋ ಎಂದು ತಿಳಿಯಲು ತಿಂಗಳುಗಳೇ ಬೇಕು, ಆಗಲೂ ಖಚಿತವಿಲ್ಲ. ಪವರ್ ಬ್ಯಾಂಕಿನ ಮಾತನ್ನು ಗುಣಾಕಾರ ಬಲ್ಲ ಯಾವ ಓದುಗರೂ ಹತ್ತು ನಿಮಿಷದಲ್ಲಿ ಪರೀಕ್ಷಿಸಬಲ್ಲರು.

ಬ್ರೀಫಿನಲ್ಲಿ ಐದು ಮುಖ್ಯ ಸಂದೇಶಗಳಿದ್ದವು. ಮೊದಲನೆಯದು, 20,000 ಎಂಎಎಚ್, ಅಂದರೆ ಮಿಲಿಆಂಪಿಯರ್ ಅವರ್, ಸಾಮರ್ಥ್ಯದ ಈ ಪವರ್ ಬ್ಯಾಂಕ್ ನಿಮ್ಮ ಫೋನನ್ನು ನಾಲ್ಕು ಸಲ ಪೂರ್ತಿ ಚಾರ್ಜ್ ಮಾಡುತ್ತದೆ. ಎರಡನೆಯದು, ಅರ್ಧ ಗಂಟೆಯಲ್ಲಿ ಶೇಕಡಾ 50 ಚಾರ್ಜ್. ಮೂರನೆಯದು, ಮಾರುಕಟ್ಟೆಯಲ್ಲೇ ಅತ್ಯಂತ ಸುರಕ್ಷಿತ. ನಾಲ್ಕನೆಯದು, ವಿಮಾನದಲ್ಲಿ ಒಯ್ಯಬಹುದು. ಐದನೆಯದು ಉದ್ಧರಣ ಚಿಹ್ನೆಯೊಳಗೆ, ನನ್ನ ಬಾಯಿಂದಲೇ ಬರಬೇಕಾದ ಮಾತಾಗಿ ಸಿದ್ಧವಾಗಿತ್ತು: “ನಾನು ಇದನ್ನು ಪ್ರತಿದಿನ ಬಳಸುತ್ತೇನೆ, ಇದಿಲ್ಲದೆ ಮನೆಯಿಂದ ಹೊರಡುವುದೇ ಇಲ್ಲ.” ಇದರ ಕೆಳಗೆ ಸೂಚನೆಗಳ ಇನ್ನೊಂದು ಪುಟವಿತ್ತು. ಕೊಂಡಿಯನ್ನು ಎರಡು ಸಲ ಕೊಡಬೇಕು, ಶೀರ್ಷಿಕೆಯಲ್ಲಿ ಇಂಥ ಪದಗುಚ್ಛ ಬರಬೇಕು, ಬೇರೆ ಬ್ರ್ಯಾಂಡಿನ ಹೆಸರು ಬರಬಾರದು, ನಕಾರಾತ್ಮಕ ಮಾತು ಬೇಡ, ಪ್ರಾಯೋಜಿತ ಎಂಬ ಸೂಚನೆಯನ್ನು ಬರಹದ ಕೊನೆಯಲ್ಲಿ ಹಾಕಬಹುದು, ಕೊಂಡಿ ಹಣಕ್ಕಾಗಿ ಕೊಟ್ಟದ್ದೆಂದು ತಿಳಿಸುವ ಯಾವ ಟ್ಯಾಗೂ ಇರಬಾರದು. ಈ ಕೆಲಸ ಬಲ್ಲವರಿಗೆ ಇದರಲ್ಲಿ ಹೊಸತೇನೂ ಇಲ್ಲ. ನಾನು ನೋಡಿದ ಹೆಚ್ಚಿನ ಬ್ರೀಫುಗಳು ಹೀಗೇ ಇರುತ್ತವೆ.

ಇಂಥ ಬ್ರೀಫನ್ನು ಓದುವಾಗ ನಾನು ಪ್ರತಿ ವಾಕ್ಯದ ಪಕ್ಕದಲ್ಲಿ ಒಂದು ಪ್ರಶ್ನೆ ಬರೆಯುತ್ತೇನೆ: ಈ ವಾಕ್ಯದ ಒಡೆಯರು ಯಾರು? ಕೆಲವು ವಾಕ್ಯಗಳಿಗೆ ಕಂಪನಿಯೇ ಒಡೆಯ. ತನ್ನ ಪ್ರಯೋಗಾಲಯದಲ್ಲಿ ಅಳೆದದ್ದು, ತಾನು ಕೊಡುವ ಖಾತರಿಯ ಅವಧಿ, ತಾನು ಬಳಸಿದ ಭಾಗಗಳು ಇಂಥವನ್ನು ಅದೇ ಹೇಳಬೇಕು, ಅದರ ಹೊಣೆಯೂ ಅದಕ್ಕೇ ಸೇರಿದ್ದು. ಕೆಲವು ವಾಕ್ಯಗಳಿಗೆ ನಾನು ಒಡೆಯ; ಬಳಸಿದೆ, ಹಿಡಿಸಿತು, ಭಾರವೆನಿಸಿತು ಎಂಬಂಥವು. ಇನ್ನು ಕೆಲವು ವಾಕ್ಯಗಳನ್ನು ಮೀಟರು, ತಕ್ಕಡಿ ಅಥವಾ ನಿಯಮಪುಸ್ತಕ ಹಿಡಿದ ಯಾರು ಬೇಕಾದರೂ ಪರೀಕ್ಷಿಸಬಹುದು. ಕೊನೆಯದಾಗಿ, ಯಾರೂ ಒಡೆಯರಿಲ್ಲದ ಅನಾಥ ವಾಕ್ಯಗಳಿರುತ್ತವೆ. ಅವು ಚೆನ್ನಾಗಿ ಕೇಳಿಸುತ್ತವೆ, ಆದರೆ ಕೇಳಿದರೆ ಹೊಣೆ ಹೊರಲು ಯಾರೂ ಮುಂದೆ ಬರುವುದಿಲ್ಲ. ಪ್ರಾಯೋಜಿತ ಬರಹದಲ್ಲಿ ಓದುಗರಿಗೆ ಕಿರಿಕಿರಿಯಾಗುವುದು ಹೊಗಳಿಕೆಯಿಂದಲ್ಲ. ಕಂಪನಿಯ ವಾಕ್ಯವನ್ನು ಬರಹಗಾರ ತನ್ನದೆಂಬಂತೆ ಹೇಳಿದಾಗ, ಅನಾಥ ವಾಕ್ಯವನ್ನು ಸತ್ಯವೆಂಬಂತೆ ನಿಲ್ಲಿಸಿದಾಗ ಅವರಿಗೆ ಅದು ತಟ್ಟನೆ ಗೊತ್ತಾಗುತ್ತದೆ. ಹಾಗಾಗಿ ನನ್ನ ಕೆಲಸ ಬ್ರೀಫಿನ ಸಂದೇಶಗಳನ್ನು ತೆಗೆದುಹಾಕುವುದಲ್ಲ, ಪ್ರತಿಯೊಂದನ್ನೂ ಅದಕ್ಕೆ ಸಲ್ಲುವ ಬಾಯಿಗೆ ಕೊಡುವುದು.

ಈಗ ಮೊದಲನೆಯ ಸಂದೇಶಕ್ಕೆ ಬರೋಣ, ಏಕೆಂದರೆ ತೊಡಕಿರುವುದು ಅಲ್ಲೇ. ನಾಲ್ಕು ಸಲ ಎಂಬ ಲೆಕ್ಕ ಎಲ್ಲಿಂದ ಬಂತು ಎಂಬುದು ಸ್ಪಷ್ಟ. ಈಗಿನ ಅನೇಕ ಫೋನುಗಳ ಬ್ಯಾಟರಿ 5,000 ಎಂಎಎಚ್. 20,000ವನ್ನು ಅದರಿಂದ ಭಾಗಿಸಿದರೆ ನಾಲ್ಕು. ಮಾರಾಟ ವಿಭಾಗದ ಯಾರೋ ಭಾಗಾಕಾರ ಮಾಡಿ ಬರೆದಿದ್ದಾರೆ, ಮೋಸ ಮಾಡುವ ಉದ್ದೇಶ ಅವರಿಗೆ ಇದ್ದಿರಲಾರದು. ಆದರೆ ಈ ಭಾಗಾಕಾರವೇ ತಪ್ಪು. ಪವರ್ ಬ್ಯಾಂಕಿನ ಮೇಲೆ ಬರೆದ 20,000 ಎಂಬುದು ಒಳಗಿನ ಸೆಲ್ಲುಗಳ ಸಾಮರ್ಥ್ಯ, ಅವುಗಳ ಸುಮಾರು 3.7 ವೋಲ್ಟಿನಲ್ಲಿ ಅಳೆದದ್ದು. ಅಲ್ಲಿರುವ ಒಟ್ಟು ಶಕ್ತಿ 20 ಆಂಪಿಯರ್ ಅವರ್ ಗುಣಿಸು 3.7, ಅಂದರೆ 74 ವ್ಯಾಟ್ ಅವರ್. ಯುಎಸ್‌ಬಿ ಕಿಂಡಿಯಿಂದ ಹೊರಬರುವುದು 5 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು. ವೋಲ್ಟೇಜನ್ನು ಏರಿಸುವ ಸರ್ಕಿಟ್ಟಿನಲ್ಲಿ ಒಂದಿಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ. ಆಮೇಲೆ ಫೋನಿನೊಳಗೆ ಅದನ್ನು ಮತ್ತೆ ಇಳಿಸಿ ಬ್ಯಾಟರಿಗೆ ತುಂಬುವಾಗ ಇನ್ನೊಂದಿಷ್ಟು ಹೋಗುತ್ತದೆ. ಎರಡು ಬಾರಿ ಸುಂಕ ಕಟ್ಟಿದ ಮೇಲೆ ಉಳಿಯುವುದು ನಾಲ್ಕು ಚಾರ್ಜಿನ ಶಕ್ತಿಯಲ್ಲ.

ಲೆಕ್ಕ ಗೊತ್ತಿದ್ದರೂ ಅಳೆಯದೆ ಬರೆಯಬಾರದು; ಕಂಪನಿಯ ಊಹೆಗೆ ನನ್ನ ಊಹೆಯನ್ನು ಎದುರು ನಿಲ್ಲಿಸಿದರೆ ಅದು ಜಗಳ ಮಾತ್ರ. ಮಾದರಿ ಕೈಗೆ ಬಂದ ಮೇಲೆ, ಪವರ್ ಬ್ಯಾಂಕಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸುವ ಒಂದು ಸಣ್ಣ ಯುಎಸ್‌ಬಿ ಮೀಟರನ್ನು ಹಾಕಿ, ಪೂರ್ತಿ ತುಂಬಿದ ಪವರ್ ಬ್ಯಾಂಕನ್ನು ಪೂರ್ತಿ ಖಾಲಿಯಾಗುವವರೆಗೆ ಮೂರು ಸಲ ಬಳಸಿದೆ. ಒಂದೇ ಸಲ ಅಳೆದು ಬರೆಯಬಾರದು, ಏಕೆಂದರೆ ಹೊಸ ಸೆಲ್ಲಿನ ಮೊದಲ ಸುತ್ತು ಕೆಲವೊಮ್ಮೆ ಏರುಪೇರಾಗಿರುತ್ತದೆ. ಮೂರೂ ಸಲ ಮೀಟರು ತೋರಿಸಿದ್ದು 61 ವ್ಯಾಟ್ ಅವರಿನ ಆಸುಪಾಸು. ನನ್ನ ಫೋನು ಸೊನ್ನೆಯಿಂದ ನೂರಕ್ಕೆ ಏರಲು ಸುಮಾರು 22 ವ್ಯಾಟ್ ಅವರ್ ಎಳೆದುಕೊಳ್ಳುತ್ತಿತ್ತು. ಹಾಗಾಗಿ ಎರಡು ಸಲ ಪೂರ್ತಿ, ಮೂರನೆಯ ಸಲ ಮುಕ್ಕಾಲು ಭಾಗ. ಇದು ಕೆಟ್ಟ ಫಲಿತಾಂಶವಲ್ಲ ಎಂಬುದನ್ನು ಗಮನಿಸಬೇಕು. 74ರಲ್ಲಿ 61 ಹೊರಗೆ ಬಂದರೆ ಅದು ಶೇಕಡಾ 82ರಷ್ಟು. ಈ ಬಗೆಯ ವಸ್ತುವಿಗೆ ಇದು ನ್ಯಾಯವಾದ ಅಳತೆ. ವಸ್ತು ಚೆನ್ನಾಗಿಯೇ ಇತ್ತು, ಅದರ ಬಗ್ಗೆ ಹೇಳಿದ ವಾಕ್ಯ ಮಾತ್ರ ಸರಿಯಿರಲಿಲ್ಲ. ಪ್ರಾಯೋಜಿತ ಬರಹಗಳಲ್ಲಿ ಹೀಗಾಗುವುದು ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚು.

ನನಗೆ ಅನಿರೀಕ್ಷಿತವಾಗಿ ನೆರವಾದದ್ದು ಪವರ್ ಬ್ಯಾಂಕಿನ ಹಿಂಬದಿಯ ಸಣ್ಣ ಅಕ್ಷರಗಳು. ಅನೇಕ ಪವರ್ ಬ್ಯಾಂಕುಗಳ ಮೇಲೆ ಸೆಲ್ಲಿನ ಸಾಮರ್ಥ್ಯದ ಕೆಳಗೆ, 5 ವೋಲ್ಟಿನಲ್ಲಿ ಹೊರಕ್ಕೆ ಕೊಡುವ ಸಾಮರ್ಥ್ಯವನ್ನು ಬೇರೆಯಾಗಿ ಮುದ್ರಿಸಿರುತ್ತಾರೆ. ಇದರ ಮೇಲೆ 12,000 ಎಂಎಎಚ್ ಎಂದಿತ್ತು. 12 ಗುಣಿಸು 5, ಅಂದರೆ 60 ವ್ಯಾಟ್ ಅವರ್. ನನ್ನ ಮೀಟರು ತೋರಿಸಿದ್ದಕ್ಕೆ ಬಹುಮಟ್ಟಿಗೆ ಸಮ. ಅಂದರೆ ಕಂಪನಿಯ ಎಂಜಿನಿಯರುಗಳಿಗೆ ನಿಜ ಗೊತ್ತಿತ್ತು, ಅವರು ಅದನ್ನು ಮುದ್ರಿಸಿಯೂ ಇದ್ದರು; ಮಾರಾಟ ವಿಭಾಗಕ್ಕೆ ಅದು ತಲುಪಿರಲಿಲ್ಲ, ಅಷ್ಟೇ.

ಆಗ ಬರೆದ ಪತ್ರದ ಧಾಟಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. “ನಿಮ್ಮ ಮಾತು ಸುಳ್ಳು, ಹಾಗಾಗಿ ಬರೆಯಲಾರೆ” ಎಂದು ಬರೆದಿದ್ದರೆ, ಅದನ್ನು ಓದುವ ಅಧಿಕಾರಿಯ ಮುಂದೆ ಎರಡೇ ದಾರಿಗಳಿರುತ್ತಿದ್ದವು: ತಮ್ಮ ಮೇಲಿನವರ ಮುಂದೆ ತಪ್ಪೊಪ್ಪಿಕೊಳ್ಳುವುದು ಅಥವಾ ನನ್ನನ್ನು ಬಿಟ್ಟು ಬೇರೆಯವರನ್ನು ಹುಡುಕುವುದು. ಎರಡನೆಯದೇ ಸುಲಭ. ಅದರ ಬದಲು ನಾನು ಹೀಗೆ ಬರೆದೆ: “ನಾಲ್ಕು ಸಲ ಎಂಬ ಸಂಖ್ಯೆಯನ್ನು ನಿಮ್ಮದೇ ಉತ್ಪನ್ನದ ಹಿಂಬದಿಯ ಮುದ್ರಣ ಒಪ್ಪುವುದಿಲ್ಲ. ಓದುಗರೊಬ್ಬರು ಅದರ ಚಿತ್ರ ತೆಗೆದು ಪ್ರಶ್ನೆ ಕೇಳಿದರೆ ನನಗೂ ನಿಮಗೂ ಉತ್ತರ ಕೊಡುವುದು ಕಷ್ಟ. ಇದರ ಬದಲು, 5,000 ಎಂಎಎಚ್ ಫೋನೊಂದನ್ನು ಎರಡು ಸಲ ಪೂರ್ತಿ ತುಂಬಿಸಿ, ಮೂರನೆಯ ಸಲ ಮುಕ್ಕಾಲಿನವರೆಗೆ ತುಂಬಿಸಿತು ಎಂದು ನನ್ನ ಅಳತೆಯಾಗಿ ಬರೆಯುತ್ತೇನೆ, ಜೊತೆಗೆ ಅಳೆದ ಬಗೆಯನ್ನೂ ಹೇಳುತ್ತೇನೆ. ಹೆಚ್ಚು ಬಾಳುವ ಚಾರ್ಜ್ ಎಂಬ ನಿಮ್ಮ ಸಂದೇಶ ಹಾಗೇ ಉಳಿಯುತ್ತದೆ.” ಕೊನೆಯ ವಾಕ್ಯವೇ ಪತ್ರದ ಜೀವ. ಬ್ರೀಫಿನ ಪ್ರತಿ ವಾಕ್ಯದ ಹಿಂದೆ ಅವರಿಗೆ ಬೇಕಾದ ಒಂದು ವಿಷಯವಿರುತ್ತದೆ. ಇಲ್ಲಿ ಅವರಿಗೆ ಬೇಕಾದದ್ದು ನಾಲ್ಕು ಎಂಬ ಅಂಕಿಯಲ್ಲ, ದೀರ್ಘ ಪ್ರಯಾಣಕ್ಕೆ ಸಾಕಾಗುತ್ತದೆ ಎಂಬ ಭಾವನೆ. ಆ ವಿಷಯವನ್ನು ಉಳಿಸಿ ವಾಕ್ಯವನ್ನು ಬದಲಿಸುತ್ತೇನೆಂದರೆ ಹೆಚ್ಚಿನವರು ಒಪ್ಪುತ್ತಾರೆ. ಎರಡು ದಿನಗಳಲ್ಲಿ ಒಪ್ಪಿಗೆ ಬಂತು, ಜೊತೆಗೆ ತಮ್ಮ ಪುಟದಲ್ಲೂ ಆ ಸಾಲನ್ನು ನೋಡುತ್ತೇವೆ ಎಂಬ ಮಾತು. ನೋಡಿದರೋ ಇಲ್ಲವೋ, ನಾನು ಹಿಂಬಾಲಿಸಲಿಲ್ಲ.

ಎರಡನೆಯ ಸಂದೇಶ, ಅರ್ಧ ಗಂಟೆಯಲ್ಲಿ ಶೇಕಡಾ 50 ಎಂಬುದು, ಕಂಪನಿಯೇ ಒಡೆಯನಾದ ವಾಕ್ಯ. ವೇಗದ ಚಾರ್ಜಿಂಗ್ ಪವರ್ ಬ್ಯಾಂಕ್ ಒಂದರ ಕೈಯಲ್ಲಿಲ್ಲ. ಫೋನು, ಕೇಬಲ್ಲು ಮತ್ತು ಪವರ್ ಬ್ಯಾಂಕ್ ಮೂರೂ ಒಂದೇ ಪದ್ಧತಿಯಲ್ಲಿ ಮಾತನಾಡಿಕೊಂಡರೆ ಮಾತ್ರ ಆ ವೇಗ ಸಿಗುತ್ತದೆ. ಕಂಪನಿ ಯಾವ ಫೋನಿನಲ್ಲಿ ಅಳೆದಿತ್ತು ಎಂದು ಕೇಳಿ ತಿಳಿದುಕೊಂಡೆ. ನನ್ನ ಫೋನಿನಲ್ಲಿ ಅರ್ಧ ಗಂಟೆಗೆ ಶೇಕಡಾ 41 ಬಂತು. ಹೀಗಾದಾಗ ಕಂಪನಿಯ ಮಾತನ್ನು ಸುಳ್ಳೆನ್ನುವುದೂ ತಪ್ಪು, ಅದನ್ನು ನನ್ನ ಅನುಭವವೆಂದು ಬರೆಯುವುದೂ ತಪ್ಪು. ಎರಡನ್ನೂ ಒಂದೇ ವಾಕ್ಯದಲ್ಲಿ, ಎರಡು ಬಾಯಿಗಳಿಂದ ಹೇಳಿಸಿದೆ: ಕಂಪನಿಯು ತನ್ನ ಪರೀಕ್ಷೆಯಲ್ಲಿ ಶೇಕಡಾ 50 ಬಂದಿತೆಂದು ಹೇಳುತ್ತದೆ; ನನ್ನ ಫೋನಿನಲ್ಲಿ, ಅವರು ಕೊಟ್ಟ ಕೇಬಲ್ಲಿನಿಂದಲೇ, 41 ಬಂತು. ಆ ವಾಕ್ಯವನ್ನು ಬ್ರ್ಯಾಂಡ್ ತಿದ್ದಲಿಲ್ಲ. ಎರಡು ಅಂಕಿಗಳು ಅಕ್ಕಪಕ್ಕ ಇರುವುದರಿಂದ ತಮ್ಮ ಅಂಕಿಗೂ ತೂಕ ಬರುತ್ತದೆಂದು ಅವರಿಗೆ ಅನ್ನಿಸಿರಬೇಕು.

ಅತ್ಯಂತ ಸುರಕ್ಷಿತ ಎಂಬ ಮೂರನೆಯದು ಅನಾಥ ವಾಕ್ಯದ ಒಳ್ಳೆಯ ನಿದರ್ಶನ. ಅದನ್ನು ಸಾಧಿಸಬೇಕಾದರೆ ಮಾರುಕಟ್ಟೆಯ ಎಲ್ಲ ಪವರ್ ಬ್ಯಾಂಕುಗಳನ್ನೂ ಒಂದೇ ಅಳತೆಗೋಲಿನಿಂದ ಪರೀಕ್ಷಿಸಿರಬೇಕು, ಯಾರೂ ಪರೀಕ್ಷಿಸಿಲ್ಲ. ಇಂಥ ಕಡೆ ನಾನು ವಾದಕ್ಕೆ ಇಳಿಯದೆ ಒಂದೇ ಪ್ರಶ್ನೆ ಕೇಳುತ್ತೇನೆ: ಇದಕ್ಕೆ ಆಧಾರವಾಗಿ ಓದುಗರಿಗೆ ತೋರಿಸಬಹುದಾದ ದಾಖಲೆ ಏನಿದೆ? ಉತ್ತರವಾಗಿ ಅವರು ಕಳುಹಿಸಿದ್ದು ಪುನಃ ತುಂಬಬಹುದಾದ ಸೆಲ್ಲುಗಳ ಸುರಕ್ಷತೆಗೆ ಸಂಬಂಧಿಸಿದ ಐಇಸಿ 62133 ಮಾನದಂಡದ ಪರೀಕ್ಷಾ ವರದಿ. ಅದು ಒಳ್ಳೆಯ ದಾಖಲೆ. ಆದ್ದರಿಂದ ಅಚ್ಚಾದ ಸಾಲು ಹೀಗಾಯಿತು: ಸೆಲ್ಲುಗಳು ಈ ಮಾನದಂಡದ ಪರೀಕ್ಷೆಯಲ್ಲಿ ತೇರ್ಗಡೆಯಾದ ವರದಿಯನ್ನು ಕಂಪನಿ ನನಗೆ ತೋರಿಸಿದೆ. ಇಲ್ಲಿ ‘ತೋರಿಸಿದೆ’ ಎಂಬ ಕ್ರಿಯಾಪದಕ್ಕೆ ಬೆಲೆಯಿದೆ. ವರದಿಯನ್ನು ನೋಡಿದವನು ನಾನು, ಪರೀಕ್ಷಿಸಿದವನು ನಾನಲ್ಲ. ದಾಖಲೆ ಏನನ್ನೂ ಕಳುಹಿಸದಿದ್ದರೆ ಸಾಲು ಬಿದ್ದುಹೋಗಬೇಕು, ಅದಕ್ಕೆ ಬದಲಿ ಹುಡುಕುವ ಹೊಣೆ ನಮ್ಮದಲ್ಲ.

ನಾಲ್ಕನೆಯದು ಬ್ರೀಫಿನಲ್ಲೇ ಅತ್ಯುತ್ತಮವಾದ ಸಂದೇಶವಾಗಿತ್ತು, ಆದರೆ ಅವರು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಲಿಥಿಯಂ ಬ್ಯಾಟರಿಗಳ ವಿಮಾನ ಪ್ರಯಾಣದ ನಿಯಮದಲ್ಲಿ ಮುಖ್ಯ ಗಡಿ 100 ವ್ಯಾಟ್ ಅವರ್. ಅದಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವಾಗಿ ವಿಶೇಷ ಅನುಮತಿ ಬೇಕಿಲ್ಲ, ಆದರೆ ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಸಾಮಾನು ವಿಭಾಗಕ್ಕೆ ಒಪ್ಪಿಸುವ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ. ನಮ್ಮದು 74. ಈ ವಾಕ್ಯವನ್ನು ಯಾರು ಬೇಕಾದರೂ ಪರೀಕ್ಷಿಸಬಹುದಾದ್ದರಿಂದ ನಾನು ಅದಕ್ಕೆ ಒಂದು ಇಡೀ ಪರಿಚ್ಛೇದ ಕೊಟ್ಟೆ. ಎಂಎಎಚ್ ಅನ್ನು ವ್ಯಾಟ್ ಅವರ್‌ಗೆ ಪರಿವರ್ತಿಸುವ ಲೆಕ್ಕ, ವಿಮಾನಯಾನ ಸಂಸ್ಥೆಯ ಸ್ವಂತ ನಿಯಮವನ್ನು ಹೊರಡುವ ಮುನ್ನ ನೋಡಿಕೊಳ್ಳಬೇಕೆಂಬ ಮಾತು, ಎಲ್ಲವೂ ಅಲ್ಲಿ ಬಂದವು. ಈ ಪವರ್ ಬ್ಯಾಂಕನ್ನು ಕೊಳ್ಳದ ಓದುಗರಿಗೂ ಆ ಪರಿಚ್ಛೇದ ಉಪಯೋಗಕ್ಕೆ ಬಂತು. ಪ್ರಾಯೋಜಿತ ಬರಹದಲ್ಲಿ ಕೊಳ್ಳದವರಿಗೂ ಸಿಗುವ ಇಂಥ ಒಂದು ತುಂಡು ಇರಲೇಬೇಕು ಎಂಬುದು ನನ್ನ ಹಟ. ಬ್ರ್ಯಾಂಡಿಗೂ ಇದು ಲಾಭವೇ; ಆ ಪುಟಕ್ಕೆ ಹುಡುಕಿಕೊಂಡು ಬರುವವರು ಬಹಳ ಕಾಲ ಬರುತ್ತಿರುತ್ತಾರೆ.

ಐದನೆಯದನ್ನು ನಾನು ಪೂರ್ತಿಯಾಗಿ ನಿರಾಕರಿಸಿದೆ, ಮತ್ತು ಇದೊಂದರಲ್ಲಿ ಚೌಕಾಸಿಗೆ ಅವಕಾಶವೇ ಇರಕೂಡದು. ಆ ವಾಕ್ಯದ ಒಡೆಯ ನಾನು. ನನ್ನ ಪರವಾಗಿ ಅದನ್ನು ಬೇರೊಬ್ಬರು ಬರೆದಿದ್ದಾರೆ. ಮಾದರಿ ಬಂದು ಹನ್ನೆರಡು ದಿನಗಳಾಗಿದ್ದಾಗ ಪ್ರತಿದಿನ ಬಳಸುತ್ತೇನೆ ಎನ್ನಲು ಹೇಗೆ ಸಾಧ್ಯ? ಇದು ಮನಸ್ಸಾಕ್ಷಿಯ ಪ್ರಶ್ನೆ ಮಾತ್ರವಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಅನುಮೋದನೆಗಳಿಗಾಗಿ ರೂಪಿಸಿದ ಮಾರ್ಗಸೂಚಿ 1980ರಷ್ಟು ಹಳೆಯದು. 2009ರ ಪರಿಷ್ಕರಣೆಯಲ್ಲಿ ಬ್ಲಾಗ್ ಬರಹಗಾರರ ಉದಾಹರಣೆಗಳೂ ಸೇರಿದವು, 2023ರಲ್ಲಿ ಅದು ಮತ್ತೆ ಪರಿಷ್ಕೃತವಾಯಿತು. ಬಳಸದವರು ಬಳಸಿದೆನೆಂದು ಹೇಳುವಂತಿಲ್ಲ, ಅಭಿಪ್ರಾಯ ಪ್ರಾಮಾಣಿಕವಾಗಿರಬೇಕು ಎಂಬುದು ಅದರ ತಿರುಳು. ಭಾರತದಲ್ಲಿಯೂ 2021ರಲ್ಲಿ ಜಾಹೀರಾತು ಮಾನದಂಡ ಮಂಡಳಿಯ ಮಾರ್ಗಸೂಚಿ, 2022ರಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಕುರಿತ ಸರಕಾರಿ ಮಾರ್ಗಸೂಚಿ ಬಂದಿವೆ. ನಿಯಮದ ಭಾಷೆ ಬೇರೆ ಬೇರೆ, ಅಂಶ ಬಹುಮಟ್ಟಿಗೆ ಒಂದೇ. ನಾನು ಬರೆದದ್ದು: ಹನ್ನೆರಡು ದಿನ ಬಳಸಿದ್ದೇನೆ, ಅದರಲ್ಲಿ ಎರಡು ದಿನ ಪ್ರಯಾಣದಲ್ಲಿದ್ದೆ, ಆ ಎರಡು ದಿನ ಗೋಡೆಯ ಸಾಕೆಟ್ಟನ್ನು ಹುಡುಕಬೇಕಾಗಲಿಲ್ಲ. ಪ್ರತಿದಿನ ಎಂಬ ಮಾತಿಗಿಂತ ಇದು ಸಣ್ಣದು, ಆದರೆ ಇದನ್ನು ನಾನು ಯಾರ ಮುಂದೆಯೂ ಹೇಳಬಲ್ಲೆ.

ಇಲ್ಲಿಗೆ ಸಂದೇಶಗಳು ಮುಗಿದವು, ಇನ್ನು ಸೂಚನೆಗಳು. ಬೇರೆ ಬ್ರ್ಯಾಂಡಿನ ಹೆಸರು ಬೇಡ, ಶೀರ್ಷಿಕೆಯಲ್ಲಿ ಇಂಥ ಪದ ಇರಲಿ, ಎರಡು ಕೊಂಡಿ ಇರಲಿ ಎಂಬವನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಅವರು ಹಣ ಕೊಟ್ಟಿರುವುದು ಇಂಥದ್ದಕ್ಕೇ. ಪ್ರತಿಯೊಂದನ್ನೂ ವಿರೋಧಿಸುವ ಬರಹಗಾರರಿಗೆ ನಿಜವಾಗಿ ವಿರೋಧಿಸಬೇಕಾದಾಗ ಬಲ ಉಳಿದಿರುವುದಿಲ್ಲ.

ನಕಾರಾತ್ಮಕ ಮಾತು ಬೇಡ ಎಂಬ ಸೂಚನೆಯ ಮುಂದೆ ಮಾತ್ರ ನಿಲ್ಲಬೇಕು. ಈ ಪವರ್ ಬ್ಯಾಂಕ್ 400 ಗ್ರಾಮಿನ ಹತ್ತಿರ ತೂಗುತ್ತಿತ್ತು, ಖಾಲಿಯಾದ ಮೇಲೆ ಮತ್ತೆ ತುಂಬಲು ಐದು ಗಂಟೆ ಬೇಕಿತ್ತು. ಇವನ್ನು ದೋಷಗಳ ಪಟ್ಟಿಯಾಗಿ ಬರೆದರೆ ಬ್ರ್ಯಾಂಡ್ ಹೊಡೆದುಹಾಕುತ್ತದೆ, ಬರೆಯದಿದ್ದರೆ ಓದುಗರು ಕೊಂಡ ಮೇಲೆ ಕಂಡುಕೊಳ್ಳುತ್ತಾರೆ. ನಾನು ಅನುಸರಿಸುವ ದಾರಿ, ಅದನ್ನು ಯಾರಿಗೆ ಹೊಂದುತ್ತದೆ ಎಂಬ ಮಾತಾಗಿ ಬರೆಯುವುದು. “ಜೇಬಿನಲ್ಲಿಟ್ಟುಕೊಂಡು ಓಡಾಡುವವರಿಗೆ ಇದು ಭಾರವಾಗುತ್ತದೆ; ಅಂಥವರಿಗೆ 10,000 ಎಂಎಎಚ್‌ನದು ಸಾಕು. ಬೆನ್ನುಚೀಲ ಹೊತ್ತು ಎರಡು ದಿನ ಹೊರಗಿರುವವರಿಗೆ ಇದು. ಹೊರಡುವ ಹಿಂದಿನ ರಾತ್ರಿಯೇ ತುಂಬಲು ಇಡಿ, ಬೆಳಿಗ್ಗೆ ನೆನಪಾದರೆ ತಡವಾಗಿರುತ್ತದೆ.” ಮಿತಿ ಪೂರ್ತಿಯಾಗಿ ಹೇಳಲ್ಪಟ್ಟಿದೆ, ಆದರೂ ಅದು ಬೈಗುಳವಲ್ಲ. ಅಧಿಕಾರಿಗೆ ನಾನು ಕೊಟ್ಟ ಕಾರಣವೂ ವ್ಯಾಪಾರದ್ದೇ: ಭಾರವೆಂದು ಹಿಂತಿರುಗಿಸುವವರು ಕೊಳ್ಳದಿರುವುದೇ ನಿಮಗೆ ಒಳ್ಳೆಯದು. ಮಿತಿಯೇ ಇಲ್ಲದಂತೆ ಬರೆದ ಒಂದು ಬರಹ ಬಹಳ ಹಿಂದೆ ನನ್ನಿಂದಲೂ ಆಗಿದೆ. ಅದನ್ನು ಯಾರೂ ಟೀಕಿಸಲಿಲ್ಲ, ಅದರ ನಂತರದ, ಹಣ ಪಡೆಯದೆ ಬರೆದ ವಿಮರ್ಶೆಯ ಕೆಳಗೆ ಒಬ್ಬ ಓದುಗರು “ಇದಕ್ಕೆ ಎಷ್ಟು ಕೊಟ್ಟರು?” ಎಂದು ಕೇಳಿದರು. ನಷ್ಟ ತಪ್ಪು ಮಾಡಿದ ಪುಟದಲ್ಲಿ ಕಾಣಿಸುವುದಿಲ್ಲ, ಪಕ್ಕದ ಪುಟದಲ್ಲಿ ಕಾಣಿಸುತ್ತದೆ. ಹಾಗಾಗಿ ಬಹಳ ಜನರಿಗೆ ಕಾರಣ ತಿಳಿಯುವುದೇ ಇಲ್ಲ.

ಹಣದ ವಿಷಯವನ್ನು ಎಲ್ಲಿ ಹೇಳಬೇಕು ಎಂಬ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ: ಮೊದಲ ಪರಿಚ್ಛೇದಕ್ಕಿಂತ ಮೇಲೆ, ಬರಹದ ಅಕ್ಷರಗಳಷ್ಟೇ ದೊಡ್ಡ ಅಕ್ಷರಗಳಲ್ಲಿ, ಬರಹದ ಭಾಷೆಯಲ್ಲೇ. ಕೊನೆಯಲ್ಲಿ ಹಾಕಿದ ಸೂಚನೆಯನ್ನು ಕೊಂಡಿ ಒತ್ತಿ ಹೊರಟವರು ನೋಡಿರುವುದಿಲ್ಲ. ಸಹಯೋಗ, ಪಾಲುದಾರಿಕೆ ಎಂಬಂಥ ಮೃದು ಪದಗಳನ್ನು ನಾನು ಬಳಸುವುದಿಲ್ಲ, ಅವುಗಳಿಂದ ಹಣ ಕೈ ಬದಲಾಯಿಸಿತೆಂದು ಯಾರಿಗೂ ತಿಳಿಯುವುದಿಲ್ಲ. ಆ ಬರಹದ ಮೇಲಿದ್ದ ಸಾಲುಗಳು ಇವು: “ಈ ಬರಹಕ್ಕೆ ತಯಾರಕ ಕಂಪನಿ ನನಗೆ ಹಣ ಕೊಟ್ಟಿದೆ, ಪವರ್ ಬ್ಯಾಂಕನ್ನೂ ಅವರೇ ಕಳುಹಿಸಿದ್ದಾರೆ. ಪ್ರಕಟಿಸುವ ಮುನ್ನ ಅವರು ಇದನ್ನು ಓದಿದ್ದಾರೆ; ಮಾಹಿತಿಯ ತಪ್ಪುಗಳನ್ನು ತಿದ್ದಿಸಬಹುದಿತ್ತು, ಅಭಿಪ್ರಾಯವನ್ನು ಬದಲಿಸುವಂತಿರಲಿಲ್ಲ.” ಎರಡನೆಯ ವಾಕ್ಯವನ್ನು ಬಹಳ ಜನ ಬರೆಯುವುದಿಲ್ಲ, ಆದರೆ ಓದುಗರ ಮನಸ್ಸಿನಲ್ಲಿರುವ ನಿಜವಾದ ಪ್ರಶ್ನೆ ಅದೇ. ಹಣ ಪಡೆದರೆಂಬುದನ್ನು ಅವರು ಕ್ಷಮಿಸುತ್ತಾರೆ, ಮಾತು ಯಾರದೆಂಬ ಸಂಶಯ ಉಳಿದರೆ ಅಲ್ಲಿಂದ ಹೊರಟುಬಿಡುತ್ತಾರೆ.

ಕೊಂಡಿಯ ಟ್ಯಾಗಿನ ವಿಷಯವೂ ಇದೇ ಸಾಲಿಗೆ ಸೇರಿದ್ದು, ಕೇಳುಗರು ಮಾತ್ರ ಬೇರೆ. ಹಣಕ್ಕಾಗಿ ಕೊಟ್ಟ ಕೊಂಡಿಯನ್ನು ಹುಡುಕುಯಂತ್ರಕ್ಕೆ ಹಾಗೆಂದು ತಿಳಿಸಬೇಕೆಂಬುದು ಗೂಗಲ್‌ನ ನಿಯಮ. ಅದಕ್ಕಾಗಿಯೇ 2019ರಲ್ಲಿ ಅದು ಪ್ರತ್ಯೇಕ ಗುರುತೊಂದನ್ನು ತಂದಿತು.

```html
<a href="https://example.com/?utm_source=blog" rel="sponsored">
```

ಬ್ರ್ಯಾಂಡಿನವರು ಕೊಡುವ ಕೊಂಡಿಯ ಬಾಲದಲ್ಲಿ `utm_source` ಮುಂತಾದವು ಇದ್ದರೆ ಹಾಗೇ ಬಿಡಬಹುದು, ಎಷ್ಟು ಜನ ಬಂದರೆಂದು ಎಣಿಸುವುದು ಅವರ ಹಕ್ಕು. ಆದರೆ `rel="sponsored"` ಬೇಡವೆಂದರೆ ಅವರು ಕೊಳ್ಳುತ್ತಿರುವುದು ಬರಹವನ್ನಲ್ಲ, ಹುಡುಕುಯಂತ್ರದ ಮುಂದೆ ನಮ್ಮ ತಾಣಕ್ಕಿರುವ ಮರ್ಯಾದೆಯನ್ನು. ಅದನ್ನು ಮಾರಿದ್ದು ಗೊತ್ತಾದರೆ ದಂಡನೆ ತಗಲುವುದು ಆ ಒಂದು ಪುಟಕ್ಕೆ ಮಾತ್ರವಲ್ಲ, ಇಡೀ ತಾಣಕ್ಕೂ ತಗಲಬಹುದು. ಈ ಮಾತನ್ನು ಬರೆದಾಗ ಅಧಿಕಾರಿ ಒಂದೇ ಸಾಲಿನಲ್ಲಿ ಒಪ್ಪಿದರು. ಆ ಸೂಚನೆಯನ್ನು ಹಳೆಯ ಬ್ರೀಫೊಂದರಿಂದ ನಕಲು ಮಾಡಿದ್ದೆಂದು ಆಮೇಲೆ ತಿಳಿಯಿತು.

ಮಾತಿನ ನಂತರ ಸಭಿಕರೊಬ್ಬರು ಒಂದು ಪ್ರಶ್ನೆ ಕೇಳಿದರು: “ಸರ್, ಇಷ್ಟೆಲ್ಲ ಪತ್ರ ಬರೆದ ಮೇಲೂ, ಕರಡು ಕಳುಹಿಸಿದಾಗ ಅವರು ಪೂರ್ತಿ ಬದಲಿಸಿ ವಾಪಸು ಕಳುಹಿಸಿದರೆ?” ಅದಕ್ಕೆ ಉತ್ತರ ಕರಾರಿನಲ್ಲಿರಬೇಕು, ಕರಡಿನ ಹೊತ್ತಿಗೆ ತಡವಾಗಿರುತ್ತದೆ. ನಾನು ಮೂರು ಮಾತುಗಳನ್ನು ಮುಂಚೆಯೇ ಬರೆಸಿಕೊಳ್ಳುತ್ತೇನೆ. ತಿದ್ದುಪಡಿಯ ಸುತ್ತು ಎರಡೇ. ಮಾಹಿತಿಯ ತಪ್ಪನ್ನು ತಿದ್ದುವುದು ನನ್ನ ಕರ್ತವ್ಯ, ಅಭಿಪ್ರಾಯ ನನ್ನದು. ಪರೀಕ್ಷೆಯಲ್ಲಿ ವಸ್ತು ಗಂಭೀರವಾಗಿ ಸೋತರೆ ಬರಹ ಪ್ರಕಟವಾಗುವುದಿಲ್ಲ, ಅಲ್ಲಿಯವರೆಗಿನ ಕೆಲಸಕ್ಕೆ ಅರ್ಧ ಹಣ ಮಾತ್ರ ಸಲ್ಲುತ್ತದೆ. ಮೂರನೆಯದನ್ನು ಕಂಡು ಕೆಲವರು ಹಿಂದೆ ಸರಿದಿದ್ದಾರೆ. ಸರಿಯಲಿ, ಪರೀಕ್ಷೆಗೆ ಮುನ್ನವೇ ಅದಕ್ಕೆ ಹೆದರುವವರ ವಸ್ತುವಿನ ಬಗ್ಗೆ ನನಗೆ ಬೇಕಾದ ಮಾಹಿತಿ ಅಲ್ಲೇ ಸಿಕ್ಕಿತು.

ಪವರ್ ಬ್ಯಾಂಕಿನ ಕರಡಿಗೆ ಬಂದ ಟಿಪ್ಪಣಿಗಳು ಏಳು. ಮಾದರಿಯ ಸಂಖ್ಯೆಯಲ್ಲಿ ನನ್ನಿಂದ ಆಗಿದ್ದ ತಪ್ಪು, ಖಾತರಿಯ ಅವಧಿ, ಬಣ್ಣದ ಹೆಸರು ಮುಂತಾದ ಐದನ್ನು ಕೂಡಲೇ ತಿದ್ದಿದೆ. ಆರನೆಯದು ತೂಕದ ಮಾತನ್ನು ಬರಹದ ಕೊನೆಗೆ ಒಯ್ಯಬಹುದೇ ಎಂಬ ಕೋರಿಕೆ. ಒಯ್ಯಲಿಲ್ಲ, ಆದರೆ ಅದಕ್ಕೆ ಮುಂಚೆ ಬರುವ ಪರಿಚ್ಛೇದದಲ್ಲಿ ಅವರ ಎರಡನೆಯ ಯುಎಸ್‌ಬಿ ಕಿಂಡಿಯ ಉಪಯೋಗವನ್ನು ಸೇರಿಸಿದೆ, ಅದು ನಿಜವಾಗಿಯೂ ನಾನು ಮರೆತಿದ್ದ ಗುಣ. ಏಳನೆಯದು, “ಶೇಕಡಾ 41” ಎಂಬುದನ್ನು “ಸುಮಾರು ಅರ್ಧ” ಎನ್ನಬಹುದೇ ಎಂದು. ಮೀಟರಿನ ಚಿತ್ರವನ್ನು ಪತ್ರಕ್ಕೆ ಲಗತ್ತಿಸಿ ಕಳುಹಿಸಿದೆ, ಆ ಕೋರಿಕೆ ಮತ್ತೆ ಬರಲಿಲ್ಲ.

ಬರಹ ಪ್ರಕಟವಾಗಿ ಏಳೆಂಟು ತಿಂಗಳ ಮೇಲೆ ಅದೇ ಕಂಪನಿಯ ಹೊಸ ಅಧಿಕಾರಿಯೊಬ್ಬರಿಂದ ಪತ್ರ ಬಂತು. ಅಭಿಯಾನ ಮುಗಿದಿರುವುದರಿಂದ ಮೇಲಿನ ಹಣದ ಸೂಚನೆಯನ್ನು ತೆಗೆದುಹಾಕಬಹುದೇ ಎಂದು ಕೇಳಿದ್ದರು. ಜೊತೆಗೆ ಒಳಗಿನ ಸೆಲ್ಲುಗಳು ಬದಲಾಗಿವೆ, ಈಗ ತೂಕ ಕಡಿಮೆಯಾಗಿದೆ, ಅದನ್ನೂ ಬರೆಯಿರಿ ಎಂದಿದ್ದರು. ಸೂಚನೆ ಆ ಪುಟ ಇರುವವರೆಗೂ ಇರುತ್ತದೆ ಎಂದು ಉತ್ತರಿಸಿದೆ. ತೂಕದ ಮಾತಿಗೆ ಹೊಸ ಮಾದರಿಯೊಂದನ್ನು ತರಿಸಿಕೊಂಡು ತೂಗಿದೆ, ಮೀಟರನ್ನು ಮತ್ತೆ ಹಾಕಿ ಒಂದು ಸುತ್ತು ಖಾಲಿ ಮಾಡಿದೆ. ಹಳೆಯ ಪರಿಚ್ಛೇದವನ್ನು ಮುಟ್ಟದೆ, ಅದರ ಕೆಳಗೆ ದಿನಾಂಕ ಹಾಕಿ ಎರಡು ಸಾಲು ಸೇರಿಸಿದೆ: ಹೊಸ ಸೆಲ್ಲಿನದು ಹಗುರವಾಗಿದೆ ಎಂಬ ಕಂಪನಿಯ ಮಾತು ನನ್ನ ತಕ್ಕಡಿಯಲ್ಲೂ ನಿಜವಾಯಿತು, ಹೊರಗೆ ಬಂದ ಶಕ್ತಿ ಮೊದಲಿನಷ್ಟೇ.